ಎಣ್ಣೆ ಟ್ಯಾಂಕಿನ ಮಟ್ಟ ಮತ್ತು ಕಚ್ಚಾ ಎಣಿಕೆ: ನಾಲ್ಕು ಸ್ಕೇಲಿಂಗ್ ವಿಧಾನಗಳ ಹೋಲಿಕೆ

ದಾವಣಗೆರೆಯಲ್ಲಿ ಕಂಟ್ರೋಲ್ ಪ್ಯಾನೆಲ್ ಮಾಡಿಕೊಡುವ ನಾನು ಚಳ್ಳಕೆರೆಯ ಒಂದು ಶೇಂಗಾ ಎಣ್ಣೆ ಮಿಲ್ಲಿಗಾಗಿ ಎರಡು ಟ್ಯಾಂಕುಗಳ ಮಟ್ಟ ತೋರಿಸುವ ಕೆಲಸವನ್ನು ಒಂದು ವರ್ಷದ ಅಂತರದಲ್ಲಿ ಎರಡು ಬಾರಿ ಮಾಡಿದೆ. ಎರಡೂ ಕಡೆ ಬಂದದ್ದು 4ರಿಂದ 20 ಮಿಲಿಆಂಪಿಯರ್ ಸಿಗ್ನಲ್, ಎರಡೂ ಟ್ಯಾಂಕಿನ ಎತ್ತರ 6 ಮೀಟರ್. ಈ ಎರಡು ಕೆಲಸಗಳ ನಡುವೆ ಪಿಎಲ್‌ಸಿಯ ಒಳಗೆ ಕಚ್ಚಾ ಎಣಿಕೆಯನ್ನು, ಅಂದರೆ ನಾವು ರಾ ಕೌಂಟ್ ಎನ್ನುವುದನ್ನು, ಮೀಟರಿಗೆ ತರುವ ನಾಲ್ಕು ವಿಧಾನಗಳನ್ನು ಬಳಸಿ ನೋಡಿದ್ದೇನೆ. ಇವುಗಳಲ್ಲಿ ನಾನು ಉಳಿಸಿಕೊಂಡದ್ದು ಎಣಿಕೆಯನ್ನು ಮೊದಲು ಪರೀಕ್ಷಿಸಿ, ಆಮೇಲೆ ಸ್ಕೇಲ್ ಮಾಡುವ, ನಾನೇ ಬರೆದ ಸಣ್ಣ ಫಂಕ್ಷನ್ ಬ್ಲಾಕ್ ಒಂದನ್ನೇ. ಅದಕ್ಕೆ ಕಾರಣವಾದದ್ದು ಮೊದಲ ಟ್ಯಾಂಕಿನಲ್ಲಿ ನಡೆದ ಒಂದು ನಷ್ಟ.

ಮೊದಲ ಟ್ಯಾಂಕಿನಲ್ಲಿ ಮೇಲಿನಿಂದ ಅಳೆಯುವ ರೇಡಾರ್ ಟ್ರಾನ್ಸ್‌ಮಿಟರ್ ಇತ್ತು. ಪಿಎಲ್‌ಸಿಯಲ್ಲಿ 4–20 ಮಿಲಿಆಂಪಿಯರ್ ಆಯ್ಕೆ ಇರುವ ಅನಲಾಗ್ ಮಾಡ್ಯೂಲ್ ಇತ್ತು. ಈ ಆಯ್ಕೆಯಲ್ಲಿ 4 ಮಿಲಿಆಂಪಿಯರಿಗೆ ಎಣಿಕೆ 0, 20ಕ್ಕೆ 27648. ಪ್ರೋಗ್ರಾಮಿನ ಲೈಬ್ರರಿಯಲ್ಲಿ `SCALE` ಎಂಬ ಸಿದ್ಧ ಬ್ಲಾಕ್ ಸಿಗುತ್ತದೆ. ಅದಕ್ಕೆ `LO_LIM` 0.0, `HI_LIM` 6.0 ಎಂದು ಕೊಟ್ಟು, ಐದು ನಿಮಿಷದಲ್ಲಿ ಕೆಲಸ ಮುಗಿಸಿದೆ. 4, 12 ಮತ್ತು 20 ಮಿಲಿಆಂಪಿಯರ್ ಕೊಟ್ಟು ನೋಡಿದಾಗ ಪರದೆಯ ಮೇಲೆ 0, 3 ಮತ್ತು 6 ಮೀಟರ್ ಸರಿಯಾಗಿಯೇ ಬಂದವು. ಮಟ್ಟ 5.5 ಮೀಟರ್ ತಲುಪಿದಾಗ ಎಣ್ಣೆ ತುಂಬುವ ಪಂಪ್ ನಿಲ್ಲಬೇಕು ಎಂಬ ತರ್ಕವನ್ನೂ ಬರೆದು ಒಪ್ಪಿಸಿ ಬಂದೆ.

ಕೆಲವು ತಿಂಗಳ ನಂತರ ಒಂದು ಬೆಳಗಿನ ಜಾವ ಮಿಲ್ಲಿನ ಫಿಟ್ಟರ್ ಫೋನ್ ಮಾಡಿದರು. "ಸಾರ್, ಮೀಟ್ರು ಸೊನ್ನೆ ತೋರಿಸ್ತೈತೆ, ಟ್ಯಾಂಕ್ ಮೇಲಿಂದ ಎಣ್ಣೆ ಹರೀತೈತೆ" ಎಂದರು. ಹೋಗಿ ನೋಡಿದರೆ ಟ್ಯಾಂಕಿನ ಮೇಲಿನ ಜಂಕ್ಷನ್ ಬಾಕ್ಸಿನಲ್ಲಿ ಒಂದು ತಂತಿ ಸ್ಕ್ರೂನಿಂದ ಕಳಚಿತ್ತು. ಲೂಪಿನಲ್ಲಿ ಕರೆಂಟೇ ಇರಲಿಲ್ಲ. ಆದರೂ ಪರದೆ 0.00 ಮೀಟರ್ ಎಂದು ಅತ್ಯಂತ ನಂಬಲರ್ಹವಾದ ಅಂಕಿಯನ್ನು ತೋರಿಸುತ್ತಿತ್ತು. ಟ್ಯಾಂಕ್ ಖಾಲಿ ಇದೆಯೆಂದು ತಿಳಿದ ಪಂಪ್ ರಾತ್ರಿಯೆಲ್ಲ ತುಂಬುತ್ತಲೇ ಇತ್ತು.

ಇದು ಹೇಗಾಯಿತು ಎಂಬುದನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ಇಡೀ ಹೋಲಿಕೆ ನಿಂತಿರುವುದು ಇದರ ಮೇಲೆ. ಕರೆಂಟ್ ಸುಮಾರು 1.185 ಮಿಲಿಆಂಪಿಯರಿಗಿಂತ ಕೆಳಗೆ ಹೋದಾಗ ಆ ಮಾಡ್ಯೂಲ್ ಅಳತೆಯ ಎಣಿಕೆಯನ್ನು ಕೊಡುವುದನ್ನು ಬಿಟ್ಟು ಒಂದು ಸೂಚಕ ಎಣಿಕೆಯನ್ನು ಕೊಡುತ್ತದೆ. ತಂತಿ ತುಂಡಾದುದನ್ನು ಪತ್ತೆ ಮಾಡುವ ಆಯ್ಕೆಯನ್ನು ಆರಿಸದಿದ್ದರೆ -32768, ಆರಿಸಿದ್ದರೆ 32767. ನಾನು ಆರಿಸಿರಲಿಲ್ಲ, ಹಾಗಾಗಿ ಬಂದದ್ದು -32768. ಇದನ್ನು ಹಾಗೆಯೇ ಸ್ಕೇಲ್ ಮಾಡಿದ್ದರೆ ಪರದೆಯ ಮೇಲೆ ಮೈನಸ್ 7.11 ಮೀಟರ್ ಎಂದು ಕಂಡು, ಯಾರಾದರೂ ಅದೇನೆಂದು ವಿಚಾರಿಸುತ್ತಿದ್ದರು. ಆದರೆ `SCALE` ಬ್ಲಾಕ್ ತನ್ನ ಮಿತಿಗಿಂತ ಕೆಳಗಿನ ಎಣಿಕೆ ಬಂದರೆ ಫಲಿತಾಂಶವನ್ನು `LO_LIM`ನಲ್ಲಿಯೇ ಹಿಡಿದು ನಿಲ್ಲಿಸುತ್ತದೆ. ಹೀಗಾಗಿ ಖಾಲಿ ಟ್ಯಾಂಕ್ ಮತ್ತು ತುಂಡಾದ ತಂತಿ ಎರಡೂ ಒಂದೇ 0.00 ಆಗಿ ಕಂಡವು. ನ್ಯಾಯವಾಗಿ ಹೇಳಬೇಕೆಂದರೆ, ಮಿತಿ ಮೀರಿದುದನ್ನು ಆ ಬ್ಲಾಕ್ `RET_VAL`ನಲ್ಲಿ ದೋಷ ಸಂಖ್ಯೆಯಾಗಿ ತಿಳಿಸುತ್ತದೆ; ಅದನ್ನು ಎಲ್ಲಿಗೂ ಜೋಡಿಸದೆ ಬಿಟ್ಟವನು ನಾನೇ.

ಪತ್ತೆ ಮಾಡುವ ಆಯ್ಕೆಯನ್ನು ಆರಿಸಿಬಿಟ್ಟರೆ ಸಾಕೆಂದು ಮೊದಲು ನನಗೂ ಅನಿಸಿತು. ಆಗ ಬರುವ 32767 ಅದೇ ಬ್ಲಾಕಿನಲ್ಲಿ 6.00 ಮೀಟರ್ ಆಗಿ ನಿಲ್ಲುತ್ತದೆ. ತುಂಬುವ ಪಂಪ್ ನಿಂತು ಎಣ್ಣೆ ಉಳಿಯುತ್ತದೆ. ಆದರೆ ಅದೇ ಟ್ಯಾಂಕಿನಿಂದ ಫಿಲ್ಟರಿಗೆ ಎಣ್ಣೆ ಎಳೆಯುವ ಇನ್ನೊಂದು ಪಂಪ್ ಇದೆ. ಟ್ಯಾಂಕ್ ತುಂಬಿದೆ ಎಂಬ ಅಂಕಿಯನ್ನು ನಂಬಿ ಅದು ಒಣಗಿ ಓಡುತ್ತದೆ. ಸುಳ್ಳು ಅಂಕಿ ಯಾವ ಕಡೆಗೆ ವಾಲಿದರೂ ಒಂದಲ್ಲ ಒಂದು ಯಂತ್ರಕ್ಕೆ ಹಾನಿ ತಪ್ಪದು. ಆದ್ದರಿಂದ ಸಿಗ್ನಲ್ ನಂಬಬಹುದೇ ಎಂಬ ಪ್ರಶ್ನೆಗೆ ಮೀಟರಿನ ಅಂಕಿಯಿಂದಲ್ಲ, ಕಚ್ಚಾ ಎಣಿಕೆಯಿಂದಲೇ ಉತ್ತರ ಪಡೆಯಬೇಕು ಎಂದು ನಿರ್ಧರಿಸಿದೆ.

ಎರಡನೆಯ ಟ್ಯಾಂಕಿನ ಸಮಯಕ್ಕೆ ಮಾಲೀಕರು ಖರ್ಚು ಕಡಿಮೆ ಇರಲಿ ಎಂದರು. ಒಂದೇ ಸಿಗ್ನಲ್ ಇದ್ದುದರಿಂದ ಪೂರ್ಣ ಮಾಡ್ಯೂಲಿನ ಬದಲು ಸಿಪಿಯು ಮುಖದ ಮೇಲೆ ಕೂರುವ ಒಂದು ಚಾನೆಲಿನ ಸಣ್ಣ ಬೋರ್ಡ್ ಕೊಂಡೆ. ಪೆಟ್ಟಿಗೆ ತೆರೆದ ಮೇಲೆ ತಿಳಿದದ್ದು, ಅದಕ್ಕೆ 0–20 ಮಿಲಿಆಂಪಿಯರ್ ಆಯ್ಕೆ ಮಾತ್ರ ಇದೆ ಎಂದು. ಇದರಿಂದ ಲೆಕ್ಕ ಬದಲಾಗುತ್ತದೆ. 27648 ಎಣಿಕೆ ಪೂರ್ತಿ 20 ಮಿಲಿಆಂಪಿಯರಿಗೆ ಹಂಚಿಹೋಗುವುದರಿಂದ 4 ಮಿಲಿಆಂಪಿಯರ್ ಬಂದಾಗ ಎಣಿಕೆ 5530 ಆಗಿರುತ್ತದೆ, ಅಳತೆಗೆ ಉಳಿಯುವುದು 22118 ಎಣಿಕೆ.

ಈ ಬೋರ್ಡಿಗೆ 0ರಿಂದ 27648 ಎಂದೇ ಸ್ಕೇಲ್ ಮಾಡಿದರೆ ಖಾಲಿ ಟ್ಯಾಂಕ್ 1.2 ಮೀಟರ್ ತೋರಿಸುತ್ತದೆ, ಅರ್ಧ ಟ್ಯಾಂಕ್ 3.6 ತೋರಿಸುತ್ತದೆ, ತುಂಬಿದ ಟ್ಯಾಂಕ್ ಮಾತ್ರ ಸರಿಯಾಗಿ 6 ತೋರಿಸುತ್ತದೆ. ತದ್ವಿರುದ್ಧವಾಗಿ, 4–20 ಆಯ್ಕೆಯ ಮಾಡ್ಯೂಲಿಗೆ 5530 ಕಳೆದರೆ ಖಾಲಿ ಟ್ಯಾಂಕ್ ಮೈನಸ್ 1.5, ಅರ್ಧ ಟ್ಯಾಂಕ್ 2.25, ತುಂಬಿದ್ದು ಮತ್ತೆ 6. ಎರಡು ತಪ್ಪುಗಳಲ್ಲೂ ಮೇಲಿನ ತುದಿ ಸರಿಯಾಗಿಯೇ ಇರುವುದರಿಂದ 20 ಮಿಲಿಆಂಪಿಯರ್ ಮಾತ್ರ ಕೊಟ್ಟು ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ಲೂಪ್ ಕ್ಯಾಲಿಬ್ರೇಟರಿನಿಂದ 4 ಮತ್ತು 12 ಎರಡನ್ನೂ ಕೊಟ್ಟು ನೋಡಬೇಕು.

ಪೂರ್ಣಾಂಕಗಳಲ್ಲೇ ಲೆಕ್ಕ ಮಾಡುವ ಹಳೆಯ ವಿಧಾನವನ್ನು ಮೇಜಿನ ಮೇಲೆ ಪರೀಕ್ಷಿಸಿದೆ. ಮಟ್ಟವನ್ನು ಸೆಂಟಿಮೀಟರಿನಲ್ಲಿ ಇಟ್ಟುಕೊಂಡು, ಎಣಿಕೆಯಿಂದ 5530 ಕಳೆದು, 600ರಿಂದ ಗುಣಿಸಿ, 22118ರಿಂದ ಭಾಗಿಸುವುದು. ಇದನ್ನು 16 ಬಿಟ್ಟಿನ `INT`ನಲ್ಲಿ ಮಾಡಿದರೆ ಕಳೆದ ಮೇಲೆ ಉಳಿದದ್ದು 54 ದಾಟಿದ ಕೂಡಲೇ ಗುಣಲಬ್ಧ 32767ನ್ನು ಮೀರುತ್ತದೆ, ಅಂದರೆ ಸುಮಾರು 4.04 ಮಿಲಿಆಂಪಿಯರಿಗೇ ಲೆಕ್ಕ ಕೆಡುತ್ತದೆ. ಮೊದಲು ಭಾಗಿಸಿ ಆಮೇಲೆ ಗುಣಿಸಿದರೆ ಇನ್ನೂ ವಿಚಿತ್ರ: ಭಾಗಲಬ್ಧ ಟ್ಯಾಂಕ್ ತುಂಬುವವರೆಗೂ 0 ಆಗಿಯೇ ಇದ್ದು, 20 ಮಿಲಿಆಂಪಿಯರ್ ತಲುಪಿದಾಗ ಒಮ್ಮೆಲೇ 1 ಆಗುತ್ತದೆ, ಪರದೆ ಸೊನ್ನೆಯಿಂದ 600ಕ್ಕೆ ಹಾರುತ್ತದೆ. `DINT`ಗೆ ಬದಲಿಸಿ, ಮೊದಲು ಗುಣಿಸಿ ಆಮೇಲೆ ಭಾಗಿಸಿದರೆ ಎರಡೂ ತೊಂದರೆ ಹೋಗುತ್ತವೆ. `REAL` ಇಲ್ಲದ ಹಳೆಯ ಪಿಎಲ್‌ಸಿಗೆ ಇದೇ ಸರಿ. ನನ್ನ ಬಳಿ `REAL` ಇತ್ತು.

`NORM_X` ಮತ್ತು `SCALE_X` ಜೋಡಿ ಚೆನ್ನಾಗಿದೆ. ಮೊದಲನೆಯದಕ್ಕೆ 5530 ಮತ್ತು 27648, ಎರಡನೆಯದಕ್ಕೆ 0.0 ಮತ್ತು 6.0 ಕೊಟ್ಟರೆ ಮುಗಿಯಿತು, ಲ್ಯಾಡರ್ ಮಾತ್ರ ಓದಬಲ್ಲ ಮಿಲ್ಲಿನ ಎಲೆಕ್ಟ್ರಿಷಿಯನ್ ಕೂಡ ಅರ್ಥ ಮಾಡಿಕೊಳ್ಳುತ್ತಾರೆ. ಈ ಜೋಡಿ ಫಲಿತಾಂಶವನ್ನು ಮಿತಿಯಲ್ಲಿ ಹಿಡಿಯುವುದಿಲ್ಲ. ತಂತಿ ಕಳಚಿ ಎಣಿಕೆ 0 ಆದಾಗ ಪರದೆ ಮೈನಸ್ 1.5 ಮೀಟರ್ ತೋರಿಸುತ್ತದೆ, ಅದು ತಾನಾಗಿಯೇ ಒಂದು ಸುಳಿವು. ಆದರೆ ಪಂಪಿಗೆ ಸುಳಿವು ಸಾಲದು; ಮೈನಸ್ 1.5 ಕೂಡ 5.5ಕ್ಕಿಂತ ಕಡಿಮೆಯೇ ಆದ್ದರಿಂದ ಅದು ತುಂಬುತ್ತಲೇ ಹೋಗುತ್ತದೆ. ಎಣಿಕೆಯ ಪರೀಕ್ಷೆಯನ್ನು ಬೇರೆ ನೆಟ್‌ವರ್ಕಿನಲ್ಲಿ ಬರೆಯಬೇಕಾಗುತ್ತದೆ, ಮತ್ತು ಬೇರೆಯಾಗಿ ಬರೆಯಬೇಕಾದುದನ್ನು ಅವಸರದಲ್ಲಿ ಮರೆಯುವ ಅಭ್ಯಾಸ ನನಗಿದೆ ಎಂಬುದಕ್ಕೆ ಮೊದಲ ಟ್ಯಾಂಕೇ ಸಾಕ್ಷಿ.

ಹೀಗಾಗಿ ಎರಡನ್ನೂ ಒಂದೇ ಬ್ಲಾಕಿನೊಳಗೆ ಸೇರಿಸಿದೆ.

```
#Fault := (#Raw < #FaultLo) OR (#Raw > #FaultHi);
IF NOT #Fault THEN
  #Value := #EngLo + (INT_TO_REAL(#Raw) - #RawLo)
    * (#EngHi - #EngLo) / (#RawHi - #RawLo);
END_IF;
```

ಇಲ್ಲಿ `RawLo` 5530.0, `RawHi` 27648.0, `EngLo` 0.0, `EngHi` 6.0. ದೋಷದ ಗಡಿಗಳನ್ನು ನಾನು ಊಹಿಸಿ ಇಟ್ಟದ್ದಲ್ಲ. ನಾಮುರ್ ಶಿಫಾರಸು NE 43ರ ಪ್ರಕಾರ ಅಳತೆಯ ಸಿಗ್ನಲ್ 3.8ರಿಂದ 20.5 ಮಿಲಿಆಂಪಿಯರಿನ ಒಳಗಿರುತ್ತದೆ. ಟ್ರಾನ್ಸ್‌ಮಿಟರ್ ತನ್ನ ದೋಷವನ್ನು ಹೇಳುವಾಗ 3.6 ಅಥವಾ ಅದಕ್ಕಿಂತ ಕೆಳಗೆ, ಇಲ್ಲವೇ 21 ಅಥವಾ ಅದಕ್ಕಿಂತ ಮೇಲೆ ಹೋಗುತ್ತದೆ. ಈ ಎರಡರ ನಡುವಿನ ಅಂತರದಲ್ಲಿ ಗಡಿ ಹಾಕಿದರೆ ಎರಡೂ ಕಡೆಗೆ ಸ್ವಲ್ಪ ಜಾಗ ಸಿಗುತ್ತದೆ ಎಂದು 3.7 ಮತ್ತು 20.75 ಮಿಲಿಆಂಪಿಯರನ್ನು ಆರಿಸಿಕೊಂಡೆ. ಈ ಬೋರ್ಡಿನಲ್ಲಿ ಅವು 5115 ಮತ್ತು 28685 ಎಣಿಕೆ. 12 ಮಿಲಿಆಂಪಿಯರ್ ಕೊಟ್ಟಾಗ ಎಣಿಕೆ 16589ರ ಆಸುಪಾಸು ಬರುತ್ತದೆ. 5530 ಕಳೆದರೆ 11059, ಅದು 22118ರ ನೇರ ಅರ್ಧ, ಆದ್ದರಿಂದ 3.00 ಮೀಟರ್.

ಇದನ್ನು ಫಂಕ್ಷನ್ ಆಗಿ ಅಲ್ಲ, ತನ್ನ ನೆನಪು ಇಟ್ಟುಕೊಳ್ಳುವ ಫಂಕ್ಷನ್ ಬ್ಲಾಕ್ ಆಗಿಯೇ ಬರೆಯಬೇಕು. ದೋಷವಿದ್ದಾಗ `Value`ಗೆ ಏನನ್ನೂ ಬರೆಯುವುದಿಲ್ಲವಾದ್ದರಿಂದ ಹಿಂದಿನ ಅಳತೆ ಇನ್‌ಸ್ಟೆನ್ಸಿನಲ್ಲಿ ಉಳಿದಿರಬೇಕು. ಉಳಿದ ಆ ಅಂಕಿಯನ್ನು ಯಾವ ಪಂಪೂ ನಂಬದಂತೆ `Fault` ಬಿಟ್ ಎರಡು ಸೆಕೆಂಡ್ ನಿಂತರೆ ಎರಡೂ ಪಂಪು ನಿಲ್ಲುವ ಹಾಗೆ ಜೋಡಿಸಿದ್ದೇನೆ, ಪರದೆಯಲ್ಲಿ ಅಂಕಿಯ ಬಣ್ಣವೂ ಕೆಂಪಾಗುತ್ತದೆ.

ಸಣ್ಣ ಬೋರ್ಡಿನ ಎಣಿಕೆ ಒಂದೊಂದಾಗಿ ಏರದೆ ದೊಡ್ಡ ಹೆಜ್ಜೆಯಲ್ಲಿ ಏರುತ್ತದೆ. ಎಣ್ಣೆ ಟ್ಯಾಂಕಿಗೆ ಅದು ಲೆಕ್ಕಕ್ಕಿಲ್ಲ. ಒಂದು ಸಿಗ್ನಲ್ ಇರುವ ಕೆಲಸಕ್ಕೆ ನಾನು ಮತ್ತೆ ಇದೇ ಬೋರ್ಡ್ ಕೊಳ್ಳುತ್ತೇನೆ. ಮೂರು ನಾಲ್ಕು ಸಿಗ್ನಲ್ ಇದ್ದರೆ 4–20 ಆಯ್ಕೆಯ ಮಾಡ್ಯೂಲಿಗೇ ಹಣ ಹಾಕುತ್ತೇನೆ, ಆದರೆ ಬ್ಲಾಕ್ ಇದೇ ಇರುತ್ತದೆ. `RawLo` 0 ಆಗಿ, ದೋಷದ ಗಡಿಗಳು ಮೈನಸ್ 518 ಮತ್ತು 28944 ಆಗುತ್ತವೆ. ಸಿದ್ಧ `SCALE` ಬ್ಲಾಕನ್ನು ಮತ್ತೆ ಬಳಸಿಲ್ಲ.

ಬ್ಲಾಕಿನ `RawLo`, `RawHi`, `EngLo`, `EngHi` ಎಂಬ ನಾಲ್ಕು ಅಂಕಿಗಳು ಹೊರಗೆ ಕಾಣುವಂತೆ ಇರುವುದರ ಬೆಲೆ ತಿಳಿದದ್ದು ಚಳ್ಳಕೆರೆಯಲ್ಲಿ ಬೋರ್ಡ್ ಜೋಡಿಸಿದ ದಿನ. ಎರಡನೆಯ ಟ್ಯಾಂಕಿಗೆ ಹಾಕಿದ್ದು ತಳದಲ್ಲಿ ಒತ್ತಡ ಅಳೆಯುವ ಅಗ್ಗದ ಟ್ರಾನ್ಸ್‌ಮಿಟರ್, ಅದರ 20 ಮಿಲಿಆಂಪಿಯರ್ 6 ಮೀಟರ್ ನೀರಿನ ಒತ್ತಡಕ್ಕೆ ಹೊಂದಿಸಿದ್ದು. ಪರದೆ 4.00 ಮೀಟರ್ ಎನ್ನುವಾಗ ಫಿಟ್ಟರ್ ಮೇಲಿನಿಂದ ಅಳತೆಯ ಟೇಪ್ ಇಳಿಸಿ 4.40 ಎಂದರು. ಶೇಂಗಾ ಎಣ್ಣೆಯ ಸಾಂದ್ರತೆ ನೀರಿನ ಸುಮಾರು 0.91 ಪಟ್ಟು, 4.40ನ್ನು ಅದರಿಂದ ಗುಣಿಸಿದರೆ 4.00. ಹಾಗೆಯೇ ಬಿಟ್ಟಿದ್ದರೆ ಪರದೆ 5.5 ತೋರಿಸಿ ಪಂಪ್ ನಿಲ್ಲಿಸುವ ಹೊತ್ತಿಗೆ ಎಣ್ಣೆ 6.04 ಮೀಟರಿಗೆ, ಅಂದರೆ ಟ್ಯಾಂಕಿನ ಅಂಚಿನಾಚೆಗೆ ಹೋಗಿರುತ್ತಿತ್ತು. `EngHi` ಜಾಗದಲ್ಲಿ 6.0 ಅಳಿಸಿ 6.59 ಬರೆದೆ. ದೋಷದ ಗಡಿಗಳು ಎಣಿಕೆಯಲ್ಲಿ ಇದ್ದುದರಿಂದ ಅವನ್ನು ಮುಟ್ಟಬೇಕಾಗಲಿಲ್ಲ.