ಫೆಸ್ಟ್ ಮುಗಿದ ರಾತ್ರಿ ಹಾಕುವ ಪೋಸ್ಟ್: ನನ್ನ ಮಾತಿಗೆ ಆದ ಗತಿ ನಿಮ್ಮ ಅತಿಥಿಗಳಿಗೆ ಆಗದಿರಲಿ

ಕಾಲೇಜು ಫೆಸ್ಟ್ ಅಥವಾ ಸಮ್ಮೇಳನದ ಇನ್‌ಸ್ಟಾಗ್ರಾಂ ಪೇಜ್ ನೋಡಿಕೊಳ್ಳುವ ಹುಡುಗ ಹುಡುಗಿಯರು ದಯವಿಟ್ಟು ಇದನ್ನು ಓದಿ. ಅತಿಥಿಯಾಗಿ ಹೋಗುವವರೂ ಓದಿ.

ಮಣ್ಣಿನ ಆರೋಗ್ಯದ ಬಗ್ಗೆ ಮಾತಾಡಲು ಒಂದು ಕಾಲೇಜಿನ ಸಮ್ಮೇಳನಕ್ಕೆ ನನ್ನನ್ನು ಕರೆದಿದ್ದರು. ಕಾರ್ಯಕ್ರಮ ಚೆನ್ನಾಗಿಯೇ ನಡೆಯಿತು. ಅದೇ ರಾತ್ರಿ ಅವರ ಪೇಜಿನಲ್ಲಿ ಎಂಟು ಸ್ಲೈಡಿನ ಪೋಸ್ಟ್ ಬಂತು. ಉದ್ಘಾಟನೆ, ಗೋಷ್ಠಿ, ಬಹುಮಾನ, ಅತಿಥಿಗಳ ಮಾತು, ಕೊನೆಯಲ್ಲಿ ಮುಂದಿನ ಕಾರ್ಯಕ್ರಮದ ಸುಳಿವು. ನಾಲ್ಕನೇ ಸ್ಲೈಡಿನಲ್ಲಿ ನನ್ನ ಫೋಟೋ. ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ, ಉದ್ಧರಣ ಚಿಹ್ನೆಯೊಳಗೆ: "ಈ ವರ್ಷ ಪೊಟ್ಯಾಷ್ ಗೊಬ್ಬರ ಬೇಡ!"

ವೇದಿಕೆಯ ಮೇಲೆ ನಾನು ಹೇಳಿದ್ದು ಇದು: "ಮಣ್ಣು ಪರೀಕ್ಷೆ ಮಾಡಿಸಿ. ರಿಪೋರ್ಟಿನಲ್ಲಿ ಪೊಟ್ಯಾಷ್ ಜಾಸ್ತಿ ಅಂತ ಬಂದರೆ ಮಾತ್ರ, ಬೆಳೆ ನೋಡಿಕೊಂಡು ಈ ವರ್ಷ ಆ ಗೊಬ್ಬರ ಕಡಿಮೆ ಮಾಡಬಹುದು." ಪರೀಕ್ಷೆಯೂ ಹೋಯಿತು, "ಮಾತ್ರ"ವೂ ಹೋಯಿತು, "ಕಡಿಮೆ" ಎಂಬುದು "ಬೇಡ" ಆಯಿತು. ಒಬ್ಬ ವಿದ್ಯಾರ್ಥಿ ಕೇಳಿಸಿಕೊಂಡಷ್ಟನ್ನು ಫೋನಿನಲ್ಲಿ ಬರೆದುಕೊಂಡಿದ್ದ. ಅದನ್ನು ವಾಟ್ಸಾಪ್ ಗ್ರೂಪಿಗೆ ಹಾಕಿದ. ಡಿಸೈನ್ ಮಾಡುವವರು ಫೋಟೋ ಪಕ್ಕ ಹಿಡಿಸುವಷ್ಟಕ್ಕೆ ಕತ್ತರಿಸಿದರು. ಯಾರದ್ದೂ ಕೆಟ್ಟ ಉದ್ದೇಶ ಇರಲಿಲ್ಲ. ಆದರೆ ಮಾರನೇ ದಿನ ಒಬ್ಬ ಬಾಳೆ ಬೆಳೆಗಾರರು ಫೋನ್ ಮಾಡಿ, "ಸರ್, ಪೊಟ್ಯಾಷ್ ಬೇಡ ಅಂದಿದ್ದೀರಂತೆ, ತಂದಿಟ್ಟಿರೋ ಚೀಲ ವಾಪಸ್ ಕೊಡ್ಲಾ?" ಅಂದರು. ಬಾಳೆಗೆ ಪೊಟ್ಯಾಷ್ ತುಂಬಾ ಬೇಕು. ಕಡಿಮೆಯಾದರೆ ಹಳೆ ಎಲೆ ಅಂಚಿನಿಂದ ಹಳದಿಯಾಗಿ ಒಣಗುತ್ತದೆ, ಗೊನೆ ತುಂಬುವುದಿಲ್ಲ. ಅವರು ಕೇಳಿದ್ದಕ್ಕೆ ಸರಿಹೋಯಿತು. ಕೇಳದೆ ನಂಬಿದವರು ಎಷ್ಟು ಜನರೋ.

ನಾನು ತಂಡಕ್ಕೆ ಫೋನ್ ಮಾಡಿದೆ. "ಸರ್, ಕ್ಯಾಪ್ಷನ್‌ನಲ್ಲಿ ತಿದ್ದಿ ಹಾಕಿದ್ದೇವೆ" ಅಂದರು. ಅಲ್ಲೇ ಇರುವುದು ಸಮಸ್ಯೆ. ಬೆಳೆಗಾರರಿಗೆ ಬಂದಿದ್ದು ವಾಟ್ಸಾಪಿನಲ್ಲಿ, ಆ ಒಂದು ಸ್ಲೈಡಿನ ಸ್ಕ್ರೀನ್‌ಶಾಟ್. ಅದರ ಜೊತೆ ಕ್ಯಾಪ್ಷನ್ ಹೋಗುವುದಿಲ್ಲ. ಇನ್‌ಸ್ಟಾಗ್ರಾಂ ಒಳಗೂ ಅಷ್ಟೇ. ಸ್ವೈಪ್ ಮಾಡದೆ ದಾಟಿಹೋದ ಪೋಸ್ಟನ್ನು ಮತ್ತೆ ತೋರಿಸುವಾಗ ಅದು ಮೊದಲ ಸ್ಲೈಡ್ ಬಿಟ್ಟು ಬೇರೆಯದರಿಂದ ಶುರುಮಾಡುವುದುಂಟು. ಹಾಗಾಗಿ ಪ್ರತಿ ಸ್ಲೈಡೂ ಒಂಟಿಯಾಗಿ ಊರು ಸುತ್ತುತ್ತದೆ ಅಂತಲೇ ತಿಳಿದು ಮಾಡಬೇಕು. ಉಳಿದ ಅರ್ಧ ಮಾತನ್ನು ಮುಂದಿನ ಸ್ಲೈಡಿಗೆ ಹಾಕಿದರೂ ಪ್ರಯೋಜನ ಇಲ್ಲ. ಷರತ್ತು ಸೇರಿ ಹಿಡಿಸದಿದ್ದರೆ ಆ ವಾಕ್ಯವನ್ನೇ ಬಿಟ್ಟು, ಇಡಿಯಾಗಿ ಹಿಡಿಸುವ ಇನ್ನೊಂದನ್ನು ಆರಿಸಿ.

ಒಮ್ಮೆ ಪೋಸ್ಟ್ ಮಾಡಿದ ಮೇಲೆ ಸ್ಲೈಡಿನ ಚಿತ್ರ ತೆಗೆದು ಅದೇ ಜಾಗಕ್ಕೆ ತಿದ್ದಿದ್ದನ್ನು ಇಡಲು ಆಗುವುದಿಲ್ಲ. ಆದರೆ ತಪ್ಪಾದ ಒಂದೇ ಸ್ಲೈಡನ್ನು ಅಳಿಸಬಹುದು. ಈ ತಂಡಕ್ಕೆ ಅದು ಗೊತ್ತಿರಲಿಲ್ಲ. ಅಳಿಸಿದರೆ ಪೋಸ್ಟ್ ಪೂರ್ತಿ ಹೋಗುತ್ತದೆ, ಲೈಕು, ಪ್ರಾಯೋಜಕರ ಟ್ಯಾಗ್ ಎಲ್ಲಾ ಹೋಗುತ್ತದೆ ಅಂತ ಹೆದರಿ ಸುಮ್ನೆ ಕೂತಿದ್ದರು. ಮೂರು ಚುಕ್ಕಿ ಒತ್ತಿ Edit ಗೆ ಹೋಗಿ. ಆ ಸ್ಲೈಡಿಗೆ ಸರಿಸಿದರೆ ಮೂಲೆಯಲ್ಲಿ ಕಸದ ಬುಟ್ಟಿ ಕಾಣುತ್ತದೆ. ಒತ್ತಿದರೆ ಅದೊಂದೇ ಹೋಗುತ್ತದೆ, ಲೈಕು, ಕಾಮೆಂಟು ಉಳಿಯುತ್ತವೆ. ಮೂರು ಅಥವಾ ಜಾಸ್ತಿ ಸ್ಲೈಡ್ ಇರಬೇಕು, ಅಷ್ಟೆ. ಅಳಿಸಿದ್ದು Recently deleted ನಲ್ಲಿ 30 ದಿನ ಇರುತ್ತದೆ, ಬೇಕಾದರೆ ವಾಪಸ್ ತರಬಹುದು. ನಂತರ ತಿದ್ದಿದ ಮಾತನ್ನು ಹೊಸ ಚಿತ್ರವಾಗಿ ಹಾಕಿ, ಚಿತ್ರದ ಮೇಲೆಯೇ "ತಿದ್ದುಪಡಿ" ಅಂತ ಬರೆಯಿರಿ. ಹಳೆಯದು ಹೋದ ವಾಟ್ಸಾಪ್ ಗ್ರೂಪುಗಳಿಗೂ ಅದನ್ನೇ ಕಳಿಸಿ.

ಕೊನೆಯ ಸ್ಲೈಡಿನಲ್ಲೂ ಇದೇ ಕಥೆ. "ಮುಂದಿನ ತಿಂಗಳು ಉಚಿತ ಮಣ್ಣು ಪರೀಕ್ಷಾ ಶಿಬಿರ" ಅಂತ ತಾರೀಖು ಸಮೇತ ಹಾಕಿ, ಅಲ್ಲೂ ನನ್ನ ಫೋಟೋ. ನನ್ನನ್ನು ಯಾರೂ ಕೇಳಿರಲಿಲ್ಲ. ಪ್ರಾಂಶುಪಾಲರ ಒಪ್ಪಿಗೆಯೂ ಸಿಕ್ಕಿರಲಿಲ್ಲ. ಶಿಬಿರ ನಡೆಯಲಿಲ್ಲ, ಮಣ್ಣಿನ ಪೊಟ್ಟಣ ಹಿಡಿದು ಬಂದ ರೈತರು ಗೇಟಿನಿಂದಲೇ ಹಿಂದಿರುಗಿದರು. ಬಸ್ ಚಾರ್ಜು, ಒಂದು ದಿನದ ಕೆಲಸ ಎರಡೂ ಹೋಯಿತು. ನನಗೆ ಜಾಸ್ತಿ ಬೇಜಾರಾದದ್ದು ಇದಕ್ಕೇ. ಸಭಾಂಗಣ, ಅತಿಥಿ, ಅನುಮತಿ ಮೂರೂ ಖಚಿತವಾಗುವ ತನಕ ಸ್ಲೈಡಿನ ಮೇಲೆ ವಿಷಯ ಮಾತ್ರ ಇರಲಿ. ತಾರೀಖು ಖಚಿತವಾದ ದಿನ ಅದಕ್ಕೇ ಬೇರೆ ಪೋಸ್ಟ್ ಹಾಕಿ.

ಮಾತಿನ ಸ್ಲೈಡಿಗೆ ಭಾಷಣವನ್ನು ರೆಕಾರ್ಡ್ ಮಾಡಿ, ಕೇಳಿಕೊಂಡು ಬರೆಯಿರಿ. ಆಮೇಲೆ ತಯಾರಾದ ಚಿತ್ರವನ್ನೇ ಅತಿಥಿಗೆ ಕಳಿಸಿ. ಬರಹ ಮಾತ್ರ ಕಳಿಸಿದರೆ ಸಾಲದು, ಏಕೆಂದರೆ ನನ್ನ ಮಾತು ಕೆಟ್ಟಿದ್ದು ಡಿಸೈನ್ ಮಾಡುವಾಗ. ಉತ್ತರ ಬಾರದಿದ್ದರೆ ಅದನ್ನು ಒಪ್ಪಿಗೆ ಅಂದುಕೊಳ್ಳಬೇಡಿ. ಆ ಸ್ಲೈಡ್ ಬಿಟ್ಟು ಉಳಿದಿದ್ದನ್ನು ಹಾಕಿ. ರಾತ್ರಿಯೇ ಹಾಕಬೇಕು ಅಂತಿದ್ದರೆ ಫೋಟೋಗಳು ಹೋಗಲಿ, ಮಾತುಗಳು ಮಾರನೇ ದಿನ ಬೇರೆ ಪೋಸ್ಟಾಗಿ ಬರಲಿ.

ಅತಿಥಿಗಳು ಆಹ್ವಾನ ಒಪ್ಪುವಾಗಲೇ, "ನನ್ನ ಹೆಸರಿನ ಸ್ಲೈಡ್ ನಾನು ನೋಡಿದ ಮೇಲೆ ಹಾಕಿ" ಅಂತ ಮೆಸೇಜ್‌ನಲ್ಲಿ ಬರೆದುಬಿಡಿ. ನಾನು ಈಗ ಬರೆಯುತ್ತಿದ್ದೇನೆ, ಇದುವರೆಗೆ ಯಾವ ಕಾಲೇಜಿನವರೂ ಬೇಡ ಅಂದಿಲ್ಲ.