ಎರಡು ಹಸುವಿನ ಹಾಲು: ಕೂಡಿಸಿ ಹಾಕಬೇಕೋ, ಬೇರೆ ಬೇರೆಯೋ?

ಸದಸ್ಯರಿಗೆ ನಮಸ್ಕಾರ.

ಸಂಘಕ್ಕೆ ಹಾಕುವ ಹಾಲಿಗೆ ಫ್ಯಾಟ್ ಹಂತದ ಮೇಲೆ ದರ ಕೊಡುವುದಾದರೆ, ದರ ಜಿಗಿಯುವುದು ಹಂತ ದಾಟಿದಾಗ ಮಾತ್ರ. ಉದಾಹರಣೆಗೆ 3.5ರಿಂದ 3.9ರವರೆಗೆ ಲೀಟರಿಗೆ 33 ರೂಪಾಯಿ, 4.0ರಿಂದ 4.4ರವರೆಗೆ 35 ಎಂದಿಟ್ಟುಕೊಳ್ಳಿ.

ಒಂದು ಹಸುವಿನದು 3.6, ಇನ್ನೊಂದರದು 4.4, ತಲಾ 5 ಲೀಟರ್. ಬೇರೆ ಹಾಕಿದರೆ 165 ಮತ್ತು 175, ಒಟ್ಟು 340. ಕೂಡಿಸಿದರೆ ಫ್ಯಾಟ್ 4.0, ಹತ್ತೂ ಲೀಟರಿಗೆ 350. ಆದರೆ ಅವೇ ಹಸು 3.5 ಮತ್ತು 4.3 ಕೊಟ್ಟ ದಿನ ಕೂಡಿಸಿದ್ದು 3.9ಕ್ಕೇ ನಿಲ್ಲುತ್ತದೆ: 330. ಬೇರೆಯಾಗಿದ್ದರೆ 340 ಇರುತ್ತಿತ್ತು.

ಹಾಗಾಗಿ ಮೊದಲು ಎರಡನ್ನೂ ಬೇರೆ ಬೇರೆ ಪರೀಕ್ಷೆ ಮಾಡಿಸಿ. ಸರಾಸರಿ ಗಡಿಯಂಚಿನಲ್ಲಿದ್ದರೆ ತುಸು ಇಳಿದರೂ ನಷ್ಟ, ಕೂಡಿಸುವ ಗೋಜೇ ಬೇಡ. ಕೊನೆಗೆ ಕರೆಯುವ ಹಾಲಿನಲ್ಲೇ ಫ್ಯಾಟ್ ಹೆಚ್ಚು. ಅದನ್ನು ಕರುವಿಗೆ ಬಿಟ್ಟರೆ ಹಂತ ಇಳಿಯಬಹುದು. ಕ್ಯಾನ್ ಕಲಕದೆ ಸ್ಯಾಂಪಲ್ ತೆಗೆದರೆ ಲೆಕ್ಕವೇ ತಪ್ಪು, ನಿಮ್ಮೆದುರೇ ಕಲಕಿಸಿ.

ಕಾರ್ಯದರ್ಶಿ, ಹಾಲು ಉತ್ಪಾದಕರ ಸಹಕಾರ ಸಂಘ, ಕುಷ್ಟಗಿ ತಾಲೂಕು