ಹುಬ್ಬಳ್ಳಿಯಿಂದ ಬೆಂಗಳೂರಿಗೆ: ಪೆಟ್ರೋಲ್ ಕಾರೋ, ಡೀಸೆಲ್ ಕಾರೋ?

ಮನೆಯಲ್ಲಿ ಎರಡೂ ಕಾರು ಇದ್ದರೆ ಯಾವುದನ್ನು ತೆಗೆಯಬೇಕು? ದೂರ ಸುಮಾರು 400 ಕಿ.ಮೀ. ಪೆಟ್ರೋಲ್ 103 ರೂಪಾಯಿ, ಡೀಸೆಲ್ 91, ಒಂದು ಕಡೆಯ ಟೋಲ್ 600 ಅಂತ ಹಿಡಿಯೋಣ. ನಿಮ್ಮ ಬಂಕಿನ ದರ ಹಾಕಿ ನೋಡಿ.

ಪೆಟ್ರೋಲ್ ಕಾರು ಲೀಟರ್‌ಗೆ 16 ಕಿ.ಮೀ. ಕೊಟ್ಟರೆ 25 ಲೀಟರ್ ಬೇಕು, ಅಂದರೆ 2,575 ರೂಪಾಯಿ. ಟೋಲ್ ಸೇರಿ 3,175. ಡೀಸೆಲ್ ಕಾರು 20 ಕೊಟ್ಟರೆ 20 ಲೀಟರ್, 1,820. ಟೋಲ್ ಸೇರಿ 2,420. ಕಾರು ಯಾವುದಾದರೂ ಟೋಲ್ ಒಂದೇ, ಹಾಗಾಗಿ 755 ರೂಪಾಯಿ ವ್ಯತ್ಯಾಸ ಪೂರ್ತಿ ಇಂಧನದ್ದೇ.

ಆದರೆ ಕಂಪನಿ ಹೇಳುವ ಮೈಲೇಜ್ ನಂಬಬೇಡಿ. ಟ್ಯಾಂಕ್ ಫುಲ್ ಮಾಡಿಸಿ, ಓಡಿಸಿ, ಮತ್ತೆ ಫುಲ್ ಮಾಡಿಸಿ. ಓಡಿದ ಕಿ.ಮೀ.ಯನ್ನು ಎರಡನೇ ಸಲ ಹಾಕಿಸಿದ ಲೀಟರ್‌ನಿಂದ ಭಾಗಿಸಿ. ಆ ಪೆಟ್ರೋಲ್ ಕಾರು ನಿಜಕ್ಕೂ 13 ಕೊಟ್ಟರೆ ಖರ್ಚು ಸುಮಾರು 600 ರೂಪಾಯಿ ಜಾಸ್ತಿ. ಪೂರ್ತಿ ಟೋಲಿನಷ್ಟೇ ಆಯ್ತು ಅಲ್ವಾ? ನನ್ನ ಆಯ್ಕೆ ಡೀಸೆಲ್.